ಟಿಕೆಟ್ ಮುಚ್ಚಿದ ಮೇಲೆ ಬರೆಯಬೇಕಾದ ಪತ್ರ

ಹಾಸನದಲ್ಲಿರುವ ಒಬ್ಬ ಶಿಕ್ಷಕಿ ಎಂದಿಟ್ಟುಕೊಳ್ಳಿ. ಜೂನ್ 3ರಂದು ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ 750 ವ್ಯಾಟಿನ ಮಿಕ್ಸಿಗೆ ಆರ್ಡರ್ ಮಾಡಿ, 3,499 ರೂಪಾಯಿಯನ್ನು ಯುಪಿಐನಲ್ಲಿ ಮೊದಲೇ ಕಟ್ಟುತ್ತಾರೆ. 7ರಂದು ಪೆಟ್ಟಿಗೆ ಮನೆಗೆ ಬರುತ್ತದೆ. ಮರುದಿನ ಇಡ್ಲಿಗೆ ಉದ್ದಿನಬೇಳೆ ರುಬ್ಬಲು ಹಾಕಿದರೆ ಎರಡೇ ನಿಮಿಷಕ್ಕೆ ಮೋಟಾರು ಬಿಸಿಯಾಗಿ ನಿಂತುಹೋಗುತ್ತದೆ. ಅಡಿಯಲ್ಲಿರುವ ಕೆಂಪು ಗುಂಡಿ ಒತ್ತಲೆಂದು ಮಿಕ್ಸಿಯನ್ನು ಮಗುಚಿದಾಗ ಅಲ್ಲಿ ಅಂಟಿಸಿದ ಚೀಟಿ ಕಣ್ಣಿಗೆ ಬೀಳುತ್ತದೆ: 500 ವ್ಯಾಟ್. ಕಂಪನಿ ಅದೇ, ಬಣ್ಣ ಅದೇ, ಜಾರುಗಳೂ ಮೂರೇ. ಬಂದಿರುವುದು ಮಾತ್ರ ಬೇರೆ ಮಾಡೆಲ್.

ಈ ಶಿಕ್ಷಕಿಯ ಪ್ರಕರಣ ಯಾರೋ ಒಬ್ಬರದಲ್ಲ. ಇಂಥ ದೂರುಗಳಲ್ಲಿ ಪದೇಪದೇ ಕಾಣುವ ಸಂಗತಿಗಳನ್ನು ಸೇರಿಸಿ ನಾನು ಕಟ್ಟಿಕೊಂಡ ಉದಾಹರಣೆ. ಆದರೆ ಮುಂದೆ ನಡೆಯುವುದು ಆನ್‌ಲೈನಿನಲ್ಲಿ ಏನಾದರೂ ವಾಪಸು ಕೊಡಲು ಒದ್ದಾಡಿದ ಎಲ್ಲರಿಗೂ ಪರಿಚಿತವೇ.

ಅವರು ಅಂದೇ, ಅಂದರೆ 8ರಂದೇ ಆ್ಯಪ್‌ನಲ್ಲಿ ದೂರು ಕೊಡುತ್ತಾರೆ. ಏಳು ದಿನದೊಳಗೆ ವಾಪಸು ಮಾಡಬಹುದೆಂದು ಆರ್ಡರ್ ಪುಟದಲ್ಲೇ ಇದೆ, ಆದ್ದರಿಂದ ರಿಟರ್ನ್ ಕೋರಿಕೆ ತಕ್ಷಣ ಒಪ್ಪಿಗೆಯಾಗುತ್ತದೆ. 11ರಂದು ಪಿಕಪ್ ಹುಡುಗ ಬರುತ್ತಾನೆ. ಅವನ ಫೋನಿನಲ್ಲಿ ತಾನು ತೆಗೆದುಕೊಂಡು ಹೋಗಬೇಕಾದ ವಸ್ತುವಿನ ಚಿತ್ರವೂ ಮಾಡೆಲ್ ಹೆಸರೂ ಇವೆ. ಅವನು ಮಿಕ್ಸಿ ಮಗುಚಿ ನೋಡಿ, "ಮೇಡಂ, ಇದ್ರಲ್ಲಿ 750 ಅಂತಿದೆ, ನಿಮ್ಮ ಹತ್ರ ಇರೋದು 500. ಮ್ಯಾಚ್ ಆಗ್ತಿಲ್ಲ, ನಾನು ತಗೊಳ್ಳೋ ಹಾಗಿಲ್ಲ" ಎನ್ನುತ್ತಾನೆ. "ಅದನ್ನೇ ಅಲ್ವೇನಪ್ಪ ನಾನೂ ಹೇಳ್ತಿರೋದು" ಎಂದರೆ ಅವನೇನು ಮಾಡಿಯಾನು. ಅವನ ಆ್ಯಪ್‌ನಲ್ಲಿ ಹೊಂದಿಕೆಯಾಗದ ವಸ್ತುವನ್ನು ಪಡೆಯುವ ದಾರಿಯೇ ಇಲ್ಲ. ಬೇರೆ ವಸ್ತು ಬಂದಿದೆ ಎಂಬ ಕಾರಣಕ್ಕೆ ವಾಪಸು ಕೊಡಹೊರಟವರಿಂದ, ಅದು ಬೇರೆ ವಸ್ತು ಎಂಬ ಕಾರಣಕ್ಕೇ ವಾಪಸು ಪಡೆಯುವುದಿಲ್ಲ.

12ರಂದು ಅವರ ಟಿಕೆಟ್ ಮುಚ್ಚಿಹೋಗುತ್ತದೆ. "ನಿಮ್ಮ ಸಮಸ್ಯೆ ಬಗೆಹರಿದಿದೆ, ನಮ್ಮ ಸೇವೆಗೆ ಅಂಕ ಕೊಡಿ" ಎಂಬ ಮೆಸೇಜು ಬರುತ್ತದೆ. 13ರಂದು ಅವರು ಚಾಟ್‌ನಲ್ಲಿ ಮತ್ತೆ ದೂರುತ್ತಾರೆ, ಹೊಸ ನಂಬರಿನ ಇನ್ನೊಂದು ಟಿಕೆಟ್ ಹುಟ್ಟುತ್ತದೆ. ಹೊಸಬರೊಬ್ಬರು ಮೊದಲಿನಿಂದ ಎಲ್ಲವನ್ನೂ ಕೇಳಿ ನಾಲ್ಕು ದಿನ ಕಾಯಿಸುತ್ತಾರೆ. 17ರಂದು ಉತ್ತರ: ವಾಪಸಾತಿಯ ಅವಧಿ ಮುಗಿದಿದೆ, ಕ್ಷಮಿಸಿ. ಎರಡನೆಯ ಟಿಕೆಟ್ಟೂ ಮುಚ್ಚುತ್ತದೆ.

ಬಹಳ ಮಂದಿ ಇಲ್ಲಿಗೇ ಕೈಬಿಡುತ್ತಾರೆ. ಮೂರೂವರೆ ಸಾವಿರಕ್ಕೆ ಇನ್ನೆಷ್ಟು ಗುದ್ದಾಡುವುದು ಎಂದು ಮಿಕ್ಸಿಯನ್ನು ಅಟ್ಟಕ್ಕೆ ಹಾಕುತ್ತಾರೆ. ಇಲ್ಲವೇ ಸಿಟ್ಟಿನಲ್ಲಿ ಮೂರನೆಯ, ನಾಲ್ಕನೆಯ ಟಿಕೆಟ್ ತೆರೆಯುತ್ತಾರೆ. ಎರಡೂ ಬೇಡ. ಟಿಕೆಟ್ ಮುಚ್ಚುವುದು ಕಂಪನಿಯ ಒಳಗಿನ ಲೆಕ್ಕ, ಅದರಿಂದ ಗ್ರಾಹಕರ ಹಕ್ಕಿಗೆ ಕುಂದಿಲ್ಲ. ಕಸ್ಟಮರ್ ಕೇರ್‌ನ ಮೇಲೆ ಇನ್ನೊಂದು ಬಾಗಿಲನ್ನು ಕಾನೂನೇ ಇಟ್ಟಿದೆ. ಅಲ್ಲಿಗೆ ಬೇಕಾಗಿರುವುದು ಒಂದೇ ಒಂದು ಇಮೇಲ್, ಸರಿಯಾಗಿ ಬರೆದದ್ದು.

ಇಸವಿ 2020ರ ಜುಲೈನಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ ಇ-ಕಾಮರ್ಸ್ ನಿಯಮಗಳನ್ನು ಹೊರಡಿಸಿತು. ಅದರ 4ನೇ ನಿಯಮದ ಪ್ರಕಾರ ಇಂಥ ಪ್ರತಿಯೊಂದು ಸಂಸ್ಥೆಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಲೇಬೇಕು. ಆ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ಗ್ರಾಹಕರಿಗೆ ಕಾಣುವಂತೆ ಪ್ರಕಟಿಸಬೇಕು. ದೂರು ತಲುಪಿದೆ ಎಂದು ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ದೂರು ತಲುಪಿದ ದಿನದಿಂದ ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಚಾಟ್‌ನಲ್ಲಿ ಕೂತ ಹುಡುಗ ಹುಡುಗಿಯರ ಮೇಲೆ ಕಾನೂನಿನ ಇಂಥ ಗಡುವು ಇಲ್ಲ, ಈ ಅಧಿಕಾರಿಯ ಮೇಲೆ ಇದೆ. ಗಡಿಯಾರ ಓಡಲು ಶುರುವಾಗುವುದು ನಿಮ್ಮ ಪತ್ರ ಅವರಿಗೆ ತಲುಪಿದಾಗ.

ವಿಳಾಸ ಹುಡುಕುವಾಗ ಒಂದು ಎಚ್ಚರ. ಗೂಗಲ್‌ನಲ್ಲಿ ಕಂಪನಿಯ ಹೆಸರಿನ ಜೊತೆ ಕಸ್ಟಮರ್ ಕೇರ್ ನಂಬರ್ ಎಂದು ಹುಡುಕಬೇಡಿ. ಹಣ ವಾಪಸು ಕೊಡಿಸುತ್ತೇವೆಂದು ಸ್ಕ್ರೀನ್ ಶೇರ್ ಮಾಡಿಸಿ ಖಾತೆ ಬರಿದು ಮಾಡುವ ವಂಚಕರು ತಮ್ಮ ನಂಬರುಗಳನ್ನು ಹಾಕಿಕೊಂಡು ಕಾಯುವುದು ಅಲ್ಲಿಯೇ. ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ ಪುಟದ ತಳದವರೆಗೆ ಇಳಿಯಿರಿ. Terms of Use, Contact Us ಅಥವಾ Grievance Redressal ಎಂಬ ಸಣ್ಣ ಅಕ್ಷರದ ಕೊಂಡಿಗಳಲ್ಲಿ ಯಾವುದಾದರೊಂದರ ಒಳಗೆ Grievance Officer ಎಂಬ ಸಾಲು ಇರುತ್ತದೆ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಧಿಕಾರಿ ಬದಲಾದರೆ, "ನೀವು ತಪ್ಪು ವಿಳಾಸಕ್ಕೆ ಬರೆದಿರಿ" ಎಂದು ಯಾರಾದರೂ ಅಂದರೆ, ಅಂದು ಅಲ್ಲಿ ಏನಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಪತ್ರವನ್ನು ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದು ಮೊದಲೇ ಮನಸ್ಸಿನಲ್ಲಿ ಗಟ್ಟಿಯಾಗಬೇಕು. ನನ್ನ ಪ್ರಕಾರ ಇಡೀ ಕೆಲಸದ ತಿರುಳು ಇದೇ. ವಿಳಾಸ ಅಧಿಕಾರಿಯದು, ನಿಜ. ಆದರೆ ಅವರು ಒಪ್ಪದಿದ್ದರೆ ಇದೇ ಪತ್ರವನ್ನು ನಾಳೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಿಬ್ಬಂದಿ ಓದುತ್ತಾರೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗದ ಅಧ್ಯಕ್ಷರು ಓದುತ್ತಾರೆ. ನಿಮ್ಮ ಮಿಕ್ಸಿಯನ್ನಾಗಲಿ ನಿಮ್ಮ ಚಾಟ್ ಅನ್ನಾಗಲಿ ನೋಡದ ಆ ಅಪರಿಚಿತರಿಗೆ ಒಂದೇ ಓದಿಗೆ ಏನು ನಡೆಯಿತು, ಯಾವ ದಿನ ನಡೆಯಿತು, ಏನು ಬೇಕು ಎಂಬುದು ತಿಳಿಯಬೇಕು. ಸಿಟ್ಟು ಎಷ್ಟೇ ನ್ಯಾಯವಾದುದಾದರೂ ಅದಕ್ಕೆ ಈ ಪತ್ರದಲ್ಲಿ ಜಾಗ ಕಡಿಮೆ.

ಶಿಕ್ಷಕಿ ಜೂನ್ 19ರ ಬೆಳಿಗ್ಗೆ, ತಮ್ಮ ಖಾತೆಗೆ ಜೋಡಿಸಿದ ಇಮೇಲ್‌ನಿಂದಲೇ ಹೀಗೆ ಬರೆಯಬಹುದು. ನಂಬರುಗಳನ್ನು ಇಲ್ಲಿ ಮೊಟಕು ಮಾಡಿದ್ದೇನೆ, ನಿಜವಾದ ಪತ್ರದಲ್ಲಿ ಅವು ಪೂರ್ತಿ ಇರಬೇಕು.

> ವಿಷಯ: ಆರ್ಡರ್ …4471: ಬೇರೆ ಮಾಡೆಲ್ ಬಂದಿದೆ; ಟಿಕೆಟ್ …208 ಮತ್ತು …915 ಪರಿಹಾರವಿಲ್ಲದೆ ಮುಚ್ಚಲಾಗಿದೆ; 3,499 ರೂ. ವಾಪಸಾತಿಗೆ ದೂರು
>
> ಕುಂದುಕೊರತೆ ಅಧಿಕಾರಿಯವರಿಗೆ,
>
> ನಮಸ್ಕಾರ. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ 4ನೇ ನಿಯಮದಡಿ ಈ ದೂರು ಸಲ್ಲಿಸುತ್ತಿದ್ದೇನೆ.
>
> ಜೂನ್ 3ರಂದು ನಿಮ್ಮ ತಾಣದಲ್ಲಿ 750 ವ್ಯಾಟಿನ ಮಿಕ್ಸಿಯನ್ನು ಮನೆಬಳಕೆಗೆಂದು 3,499 ರೂ. ಪಾವತಿಸಿ ಖರೀದಿಸಿದೆ. 7ರಂದು ಡೆಲಿವರಿಯಾಯಿತು. ಬಂದಿರುವ ಮಿಕ್ಸಿಯ ಅಡಿಯಲ್ಲಿರುವ ಚೀಟಿಯಲ್ಲಿ 500 ವ್ಯಾಟ್ ಎಂದಿದೆ (ಚಿತ್ರ 1). ಆರ್ಡರ್ ಖಚಿತಪಡಿಸಿದ ನಿಮ್ಮ ಇಮೇಲ್‌ನಲ್ಲೂ ಇನ್‌ವಾಯ್ಸ್‌ನಲ್ಲೂ 750 ವ್ಯಾಟ್ ಎಂದೇ ಇದೆ (ದಾಖಲೆ 2, 3).
>
> ಡೆಲಿವರಿಯ ಮರುದಿನವೇ, 8ರಂದು ದೂರು ಕೊಟ್ಟೆ (ಟಿಕೆಟ್ …208). ರಿಟರ್ನ್ ಒಪ್ಪಲಾಯಿತು. 11ರಂದು ಬಂದ ನಿಮ್ಮ ಪಿಕಪ್ ಪ್ರತಿನಿಧಿ, ವಸ್ತು ಆರ್ಡರ್‌ನ ಮಾಡೆಲ್‌ಗೆ ಹೊಂದುವುದಿಲ್ಲ ಎಂದು ಪಡೆಯಲು ನಿರಾಕರಿಸಿದರು. ಅಂದರೆ ಬಂದಿರುವುದು ಬೇರೆ ವಸ್ತು ಎಂಬುದನ್ನು ನಿಮ್ಮ ಪ್ರತಿನಿಧಿಯೇ ಗುರುತಿಸಿದ್ದಾರೆ. 12ರಂದು ಟಿಕೆಟ್ ಮುಚ್ಚಲಾಯಿತು. 13ರಂದು ಮತ್ತೆ ದೂರಿದೆ (ಟಿಕೆಟ್ …915). ವಾಪಸಾತಿ ಅವಧಿ ಮುಗಿದಿದೆ ಎಂದು ಹೇಳಿ 17ರಂದು ಅದನ್ನೂ ಮುಚ್ಚಲಾಯಿತು. ನನ್ನ ಎರಡೂ ದೂರುಗಳು ಏಳು ದಿನದ ಅವಧಿಯೊಳಗೇ ಇವೆ.
>
> ಜಾಹೀರುಪಡಿಸಿದ ಗುಣಲಕ್ಷಣ ಇಲ್ಲದ ವಸ್ತುವನ್ನು ವಾಪಸು ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು ಇದೇ ನಿಯಮಗಳ 6ನೇ ನಿಯಮ ಹೇಳುತ್ತದೆ.
>
> ಆದ್ದರಿಂದ 3,499 ರೂ. ಅನ್ನು ನಾನು ಪಾವತಿಸಿದ ಖಾತೆಗೇ ಮರಳಿಸಿ, ಮಿಕ್ಸಿಯನ್ನು ನಿಮ್ಮ ಖರ್ಚಿನಲ್ಲಿ ಪಡೆದುಕೊಳ್ಳಬೇಕೆಂದು ಕೋರುತ್ತೇನೆ. ಪಿಕಪ್ ಪ್ರತಿನಿಧಿಗೆ 500 ವ್ಯಾಟಿನ ಮಿಕ್ಸಿಯನ್ನೇ ಪಡೆಯುವ ಸೂಚನೆ ಇರಲಿ. ಜೊತೆಗೆ, 5ನೇ ನಿಯಮದಂತೆ ಮಾರಾಟಗಾರರ ಪೂರ್ಣ ವಿಳಾಸ, ಇಮೇಲ್ ಮತ್ತು ಸಂಪರ್ಕ ವಿವರ ಕೊಡಿ. ಈ ಆರ್ಡರ್‌ಗೆ ರವಾನಿಸಿದ ವಸ್ತುವಿನ ಸೀರಿಯಲ್ ನಂಬರ್, ಸಾಗಣೆಯಲ್ಲಿ ದಾಖಲಾದ ಪೆಟ್ಟಿಗೆಯ ತೂಕ ಮತ್ತು 11ರ ಪಿಕಪ್ ನಿರಾಕರಣೆಯ ದಾಖಲೆಯನ್ನು ಕಾಪಾಡಿ, ನನಗೆ ಪ್ರತಿ ಕೊಡಿ.
>
> ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಜುಲೈ 19ರೊಳಗೆ ಬಗೆಹರಿಸಬೇಕೆಂದು ವಿನಂತಿ. ಉತ್ತರ ಇಮೇಲ್‌ನಲ್ಲೇ ಇರಲಿ. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.
>
> ಹೆಸರು, ವಿಳಾಸ, ಖಾತೆಗೆ ಜೋಡಿಸಿದ ಮೊಬೈಲ್ ನಂಬರ್
> ಲಗತ್ತು: ಚಿತ್ರ ಮತ್ತು ದಾಖಲೆ 1ರಿಂದ 6

ಇಷ್ಟೇ. ಒಂದು ಪುಟ ದಾಟಬಾರದು. ಕನ್ನಡದಲ್ಲಿ ಬರೆಯಬಾರದೆಂದು ನಿಯಮದಲ್ಲಿ ಎಲ್ಲೂ ಇಲ್ಲ. ಆದರೂ ಪತ್ರ ಓದುವ ಕಚೇರಿ ಗುರುಗ್ರಾಮದಲ್ಲೋ ಮುಂಬೈಯಲ್ಲೋ ಇರಬಹುದಾದ್ದರಿಂದ, ವಿಷಯದ ಸಾಲನ್ನೂ ಬೇಡಿಕೆಯ ಎರಡು ವಾಕ್ಯಗಳನ್ನೂ ಇಂಗ್ಲಿಷಿನಲ್ಲಿ ಮೇಲೆ ಸೇರಿಸಿದರೆ ಅನುವಾದದ ನೆಪದಲ್ಲಿ ವಾರ ಕಳೆಯುವುದು ತಪ್ಪುತ್ತದೆ.

ಈ ಪತ್ರದಲ್ಲಿ ಅತ್ಯಂತ ಗಟ್ಟಿಯಾದ ಸಾಲು ಯಾವುದೆಂದು ಕೇಳಿದರೆ, ಕಾನೂನಿನ ಸಾಲಿಗಿಂತ ಮೊದಲು ನಾನು ತೋರಿಸುವುದು ಪಿಕಪ್ ನಿರಾಕರಣೆಯ ಸಾಲನ್ನು. ಕಂಪನಿ ತನ್ನನ್ನು ಸಮರ್ಥಿಸಿಕೊಳ್ಳಲು ಬಳಸಿದ ಘಟನೆಯೇ ಗ್ರಾಹಕರ ಮಾತನ್ನು ದೃಢಪಡಿಸುತ್ತದೆ. ಆದರೆ ಅದಕ್ಕೆ ಒಂದು ಪ್ರತಿವಾದವಿದೆ. "ನಾವು ಕಳಿಸಿದ್ದು 750 ವ್ಯಾಟಿನದೇ, ಮನೆಯಲ್ಲಿದ್ದ ಹಳೆಯದನ್ನು ನೀವೇ ಬದಲಿಸಿ ಕೊಡುತ್ತಿದ್ದೀರಿ" ಎನ್ನಬಹುದು. ಹಾಗೆ ಮೋಸ ಮಾಡುವ ಗ್ರಾಹಕರೂ ಇರುವುದರಿಂದ ಕಂಪನಿಯ ಅನುಮಾನಕ್ಕೆ ಬುಡವೇ ಇಲ್ಲವೆಂದು ಹೇಳುವಂತಿಲ್ಲ. ಸೀರಿಯಲ್ ನಂಬರನ್ನೂ ತೂಕವನ್ನೂ ಪತ್ರದಲ್ಲಿ ಕೇಳಿರುವುದು ಇದಕ್ಕಾಗಿ. ಸಾಗಣೆಯ ದರ ತೂಕದ ಮೇಲೂ ನಿಂತಿರುವುದರಿಂದ ಪೆಟ್ಟಿಗೆಯನ್ನು ದಾರಿಯಲ್ಲಿ ತೂಗಿರುತ್ತಾರೆ. 500 ಮತ್ತು 750 ವ್ಯಾಟಿನ ಮೋಟಾರುಗಳ ತೂಕ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಗೋದಾಮಿನಿಂದ ಹೊರಟ ಪೆಟ್ಟಿಗೆ ಹಗುರವಾಗಿತ್ತು ಎಂದು ಕಂಪನಿಯ ಕಡತದಲ್ಲೇ ಇದ್ದರೆ ಬದಲಿಸಿದ ಆರೋಪ ನಿಲ್ಲುವುದಿಲ್ಲ. ಆ ಕಡತ ನಮ್ಮ ಕೈಯಲ್ಲಿಲ್ಲ, ಆದ್ದರಿಂದ ಅದನ್ನು ಕಾಪಾಡಿ ಎಂದು ಬರಹದಲ್ಲಿ, ಬೇಗ, ಕೇಳಬೇಕು. ಆಮೇಲೆ "ಆ ದಾಖಲೆ ಅಳಿಸಿಹೋಗಿದೆ" ಎಂದರೆ, ಕೇಳಿದ ಮೇಲೂ ಯಾಕೆ ಅಳಿಸಿತು ಎಂಬ ಪ್ರಶ್ನೆಗೆ ಅವರೇ ಉತ್ತರ ಹೇಳಬೇಕಾಗುತ್ತದೆ.

ನಮ್ಮ ಕೈಯಲ್ಲಿರುವ ಸಾಕ್ಷಿಗಳಲ್ಲೂ ತೂಕದ ವ್ಯತ್ಯಾಸವಿದೆ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ಒಳ್ಳೆಯದೇ, ಆದರೆ ದೂರು ಹೋದ ಮೇಲೆ ಮಾರಾಟಗಾರ ಆ ಪುಟವನ್ನು ತಿದ್ದಬಹುದು. ಆಗ ನಿಮ್ಮ ಸ್ಕ್ರೀನ್‌ಶಾಟ್ ಯಾವ ದಿನದ್ದು ಎಂಬ ಚರ್ಚೆ ಹುಟ್ಟುತ್ತದೆ. ಆರ್ಡರ್ ಮಾಡಿದ ಕ್ಷಣದಲ್ಲಿ ಬಂದ ಇಮೇಲ್ ಹಾಗಲ್ಲ. ಅದನ್ನು ಕಳಿಸಿದ್ದು ಕಂಪನಿ, ತಾರೀಖು ಅದರಲ್ಲೇ ಇದೆ, ಯಾರೂ ತಿದ್ದಲಾರರು. ಇನ್‌ವಾಯ್ಸನ್ನು ಆ್ಯಪ್‌ನಿಂದ ಪಿಡಿಎಫ್ ಆಗಿ ಇಳಿಸಿಟ್ಟುಕೊಳ್ಳಿ, ಮಾರಾಟಗಾರರ ಹೆಸರು, ಜಿಎಸ್‌ಟಿ ನಂಬರ್, ವಿಳಾಸ ಅದರಲ್ಲಿರುತ್ತವೆ. ಚೀಟಿಯ ಚಿತ್ರ ತೆಗೆಯುವಾಗ ಹಲವರು ಒಂದು ಸಣ್ಣ ಸಂಗತಿ ಮರೆಯುತ್ತಾರೆ: 500 ವ್ಯಾಟ್ ಎಂದು ಓದುವಂತಿರುವ ಚೀಟಿ ಮತ್ತು ಪೆಟ್ಟಿಗೆಯ ಮೇಲೆ ಅಂಟಿಸಿದ ಸಾಗಣೆಯ ಲೇಬಲ್ ಒಂದೇ ಚೌಕಟ್ಟಿನಲ್ಲಿ ಬರಬೇಕು. ಮಿಕ್ಸಿಯೊಂದೇ ಇದ್ದರೆ ಅದು ಯಾವ ಮಿಕ್ಸಿಯೂ ಆಗಿರಬಹುದು. ಲೇಬಲ್‌ನ ಜೊತೆ ಇದ್ದರೆ ಅದು ಈ ಆರ್ಡರ್‌ಗೆ ಅಂಟಿಕೊಳ್ಳುತ್ತದೆ. ಹಾಗಾಗಿ ದೂರು ಇತ್ಯರ್ಥವಾಗುವ ತನಕ ಪೆಟ್ಟಿಗೆಯನ್ನು ರದ್ದಿಗೆ ಹಾಕಬೇಡಿ. ಪೆಟ್ಟಿಗೆ ಒಡೆಯುವ ವಿಡಿಯೊ ಇದ್ದರೆ ಮೂಲ ಕಡತವನ್ನು ಫೋನಿನಲ್ಲೇ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಹಾದುಬಂದ ಪ್ರತಿಯಲ್ಲಿ ಚಿತ್ರ ಮಸುಕಾಗುವುದಲ್ಲದೆ, ಯಾವಾಗ ತೆಗೆದದ್ದು ಎಂಬ ವಿವರವೂ ಹೊರಟುಹೋಗುತ್ತದೆ.

ಮಾರಾಟಗಾರರ ವಿಳಾಸ ಯಾಕೆ ಕೇಳಬೇಕು, ಹಣ ಕಟ್ಟಿದ್ದು ದೊಡ್ಡ ಕಂಪನಿಗಲ್ಲವೇ ಎಂದು ಅನೇಕರಿಗೆ ಅನಿಸುತ್ತದೆ. ಆ್ಯಪ್‌ನ ಮೇಲೆ ಹೆಸರು ದೊಡ್ಡ ಕಂಪನಿಯದಿದ್ದರೂ ಮಿಕ್ಸಿಯನ್ನು ಮಾರಿದ್ದು ಅದರೊಳಗೆ ಅಂಗಡಿ ತೆರೆದ ಇನ್ನೊಬ್ಬರು. ವ್ಯಾಜ್ಯ ಎದ್ದಾಗ ಕಂಪನಿ ಮೊದಲು ಹೇಳುವುದೇ "ನಾವು ಜಾಗ ಕೊಟ್ಟವರಷ್ಟೇ, ಮಾರಿದವರಲ್ಲ" ಎಂದು. ಇದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್‌ನಲ್ಲಿ ಆಸರೆಯೂ ಇದೆ, ಷರತ್ತುಗಳೂ ಇವೆ. ಇ-ಕಾಮರ್ಸ್ ನಿಯಮಗಳಲ್ಲಿ 5ನೆಯದು ಈ ಜಾಗದ ಒಡೆಯರ ಮೇಲೆ ತನ್ನದೇ ಹೊಣೆಗಳನ್ನು ಹೊರಿಸುತ್ತದೆ. ವಸ್ತುವಿನ ವಿವರಣೆ ಮತ್ತು ಚಿತ್ರ ನಿಜಕ್ಕೆ ಹೊಂದುತ್ತವೆ ಎಂದು ಮಾರಾಟಗಾರರಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕು. ಪ್ರತಿ ದೂರಿಗೂ ಟಿಕೆಟ್ ನಂಬರ್ ಕೊಡಬೇಕು. ಖರೀದಿಯ ಬಳಿಕ ಗ್ರಾಹಕರು ಬರಹದಲ್ಲಿ ಕೇಳಿದರೆ ಮಾರಾಟಗಾರರ ವಿಳಾಸ ಮತ್ತು ಸಂಪರ್ಕದ ವಿವರ ಕೊಡಬೇಕು. ಇನ್‌ವಾಯ್ಸ್‌ನಲ್ಲಿರುವುದು ಎಷ್ಟೋ ಸಲ ಗೋದಾಮಿನ ವಿಳಾಸ, ಅಲ್ಲಿಗೆ ಕಳಿಸಿದ ನೋಟಿಸು ಹಾಗೆಯೇ ಮರಳುತ್ತದೆ. ಮುಂದೆ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಕಂಪನಿಯ ಜೊತೆ ಮಾರಾಟಗಾರರನ್ನೂ ಎದುರುದಾರರನ್ನಾಗಿ ಸೇರಿಸುವುದು ಜಾಣತನ, ಅದಕ್ಕೆ ನಿಜವಾದ ವಿಳಾಸ ಬೇಕು.

"ಮನೆಬಳಕೆಗೆಂದು" ಎಂಬ ಎರಡಕ್ಷರ ಹೆಚ್ಚೆನಿಸಬಹುದು, ಅದನ್ನು ಬಿಡಬೇಡಿ. ಮರುಮಾರಾಟಕ್ಕೋ ವ್ಯಾಪಾರಕ್ಕೋ ಕೊಂಡವರು ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದು ಕೊಂಡವರಿಗೆ ವಿನಾಯಿತಿ ಇದೆ. ಆದರೆ ರಿಯಾಯಿತಿಯ ಆಸೆಗೆ ಪರಿಚಿತರ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿ ಮನೆಗೆ ವಸ್ತು ತರಿಸಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಬರೆಯಬಾರದ ಸಂಗತಿಗಳೂ ಕೆಲವಿವೆ. ಆಧಾರ್ ಪ್ರತಿ, ಕಾರ್ಡಿನ ಪೂರ್ತಿ ನಂಬರ್, ಒಟಿಪಿ ಇವನ್ನು ಯಾವ ಕುಂದುಕೊರತೆ ಅಧಿಕಾರಿಗೂ ಕೊಡಬೇಕಾಗಿಲ್ಲ. ಆರ್ಡರ್ ನಂಬರ್ ಮತ್ತು ಯುಪಿಐ ವ್ಯವಹಾರದ ಸಂಖ್ಯೆ ಇದ್ದರೆ ಹಣದ ಜಾಡು ಸಿಗುತ್ತದೆ. ಮೂರೂವರೆ ಸಾವಿರದ ಮಿಕ್ಸಿಗೆ ಮನೋವೇದನೆಯೆಂದು ಎರಡು ಲಕ್ಷ ಕೇಳುವುದು ಬೇಡ. ಪರಿಹಾರವನ್ನೂ ಖರ್ಚನ್ನೂ ಕೇಳುವ ಜಾಗ ಆಯೋಗ. ಇಲ್ಲಿ ಉಬ್ಬಿಸಿ ಕೇಳಿದರೆ, ಕಂಪನಿ ನ್ಯಾಯವಾದ 3,499ನ್ನು ಪಕ್ಕಕ್ಕೆ ತಳ್ಳಿ ಆ ಎರಡು ಲಕ್ಷದ ಬಗ್ಗೆಯೇ ಉತ್ತರ ಬರೆಯುತ್ತದೆ. ಸುದ್ದಿವಾಹಿನಿಗೆ ಎಳೆಯುತ್ತೇನೆಂಬ ಬೆದರಿಕೆಗಿಂತ, ಯಾವ ತಾರೀಖಿನ ಮೇಲೆ ಎಲ್ಲಿಗೆ ಹೋಗುತ್ತೇನೆಂದು ಹೇಳುವ ಒಂದು ವಾಕ್ಯಕ್ಕೆ ಬೆಲೆ ಹೆಚ್ಚು.

ಪತ್ರ ಹೋದ ಮೇಲೆ ಮೊದಲು ಬರುವುದು ಸಾಮಾನ್ಯವಾಗಿ ಯಂತ್ರದ ಉತ್ತರ, ಹೊಸ ನಂಬರಿನೊಂದಿಗೆ. ಅದನ್ನು ಉಳಿಸಿಕೊಳ್ಳಿ, ದೂರು ತಲುಪಿದ ದಿನಕ್ಕೆ ಅದು ಪುರಾವೆ. ಆಮೇಲೆ ಫೋನ್ ಬರಬಹುದು. ಫೋನಿನಲ್ಲಿ ಮಾತಾಡುವವರು ಸಭ್ಯರಾಗಿರುತ್ತಾರೆ, ಭರವಸೆಯನ್ನೂ ಕೊಡುತ್ತಾರೆ, ಆದರೆ ಆ ಮಾತು ನಿಮ್ಮ ಬಳಿ ಉಳಿಯುವುದಿಲ್ಲ. ಕರೆ ಮುಗಿದ ದಿನವೇ ಅದೇ ಇಮೇಲ್ ಸರಣಿಯಲ್ಲಿ ಎರಡು ಸಾಲು ಹಾಕಿ: ಇಂದು ಸಂಜೆ ನಾಲ್ಕಕ್ಕೆ ನಿಮ್ಮ ಕಚೇರಿಯಿಂದ ಕರೆ ಬಂತು, ಐದು ದಿನದಲ್ಲಿ ಹಣ ಮರಳಿಸುವುದಾಗಿ ಹೇಳಿದಿರಿ, ತಪ್ಪಿದ್ದರೆ ತಿಳಿಸಿ. ಯಾರೂ ಅಲ್ಲಗಳೆಯದೆ ಬಿಟ್ಟ ಆ ಎರಡು ಸಾಲು ಮುಂದೆ ಬಹಳ ಕೆಲಸಕ್ಕೆ ಬರುತ್ತವೆ.

ಇನ್ನೊಂದು ಬಗೆಯ ಉತ್ತರವೂ ಉಂಟು. ಹಣದ ಬದಲು 500 ರೂಪಾಯಿಯ ಕೂಪನ್ ಖಾತೆಗೆ ಬೀಳುತ್ತದೆ, ಅದರ ಹಿಂದೆಯೇ ದೂರು ಇತ್ಯರ್ಥವಾಗಿದೆ ಎಂಬ ಮೆಸೇಜು ಬರುತ್ತದೆ. ಸುಮ್ಮನಿದ್ದರೆ, ಅದರಲ್ಲೂ ಕೂಪನ್ ಬಳಸಿಬಿಟ್ಟರೆ, ನೀವು ಒಪ್ಪಿದಿರಿ ಎಂದು ಅವರು ವಾದಿಸಲು ಅನುಕೂಲ. ಶಿಕ್ಷಕಿ ಅಂದೇ ಹೀಗೆ ಬರೆಯಬೇಕು: "ಈ ಕೂಪನನ್ನು ನಾನು ಕೇಳಿಲ್ಲ, ಇದನ್ನು ನನ್ನ ದೂರಿನ ಪರಿಹಾರವೆಂದು ಒಪ್ಪುವುದಿಲ್ಲ, 3,499 ರೂಪಾಯಿಯ ಬೇಡಿಕೆ ಹಾಗೆಯೇ ಇದೆ."

ಅಧಿಕಾರಿಯ ಮಿತಿಯನ್ನೂ ತಿಳಿದಿರಬೇಕು. ಅವರು ನ್ಯಾಯಾಧೀಶರಲ್ಲ, ಕಂಪನಿ ನೇಮಿಸಿದವರು. "ಪರಿಶೀಲಿಸಿದೆವು, ನಿಮ್ಮ ಕೋರಿಕೆ ಒಪ್ಪಲಾಗದು" ಎಂದು ಬರೆಯಬಹುದು. ಗಡುವು ಮೀರಿದ ಮಾತ್ರಕ್ಕೆ ಕಂಪನಿಯ ಖಾತೆಯಿಂದ ದಂಡ ತಾನಾಗಿ ಕಡಿತವಾಗುವುದಿಲ್ಲ. ಹಾಗಿದ್ದೂ ಕಸ್ಟಮರ್ ಕೇರ್‌ಗಿಂತ ಇಲ್ಲಿ ಕೆಲಸವಾಗುವ ಸಾಧ್ಯತೆ ಹೆಚ್ಚೆಂದು ನಾನು ನಂಬಲು ಕಾರಣವಿದೆ. ಚಾಟ್‌ನಲ್ಲಿರುವವರ ಕೈಗೆ ಕೊಟ್ಟಿರುವುದು ಸಿದ್ಧ ಉತ್ತರಗಳು. ಏಳು ದಿನ ದಾಟಿತೆಂದು ಪರದೆ ತೋರಿಸಿದರೆ ಅದನ್ನು ಮೀರುವ ಅಧಿಕಾರ ಅವರಿಗಿಲ್ಲ. ಕುಂದುಕೊರತೆ ಕಚೇರಿ ನಿಯಮ ಬದಿಗಿಟ್ಟು ಮರುಪಾವತಿಗೆ ಆದೇಶ ಕೊಡಬಲ್ಲದು, ಹೊಂದದ ವಸ್ತುವನ್ನೂ ಪಡೆದು ಬಾ ಎಂದು ಪಿಕಪ್ ವಿಭಾಗಕ್ಕೆ ಹೇಳಬಲ್ಲದು. ಜೊತೆಗೆ, ತಾನು ಬರೆಯುವ ಉತ್ತರ ಆಯೋಗದ ಮುಂದೆ ಹೋಗಬಹುದೆಂಬ ಅರಿವೂ ಅದಕ್ಕಿರುತ್ತದೆ.

ಎರಡು ದಿನ ಕಳೆದರೂ ಸದ್ದಿಲ್ಲದಿದ್ದರೆ ಅದೇ ಸರಣಿಯಲ್ಲಿ ಒಂದು ನೆನಪೋಲೆ ಸಾಕು, ಹೊಸ ಪತ್ರ ಬೇಡ. ತಿಂಗಳು ಕಳೆದರೆ, ಇಲ್ಲವೇ ನಡುವೆಯೇ ನಿರಾಕರಣೆ ಬಂದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಬಹುದು, ಅಥವಾ consumerhelpline.gov.in ನಲ್ಲಿ ದೂರು ದಾಖಲಿಸಬಹುದು. ಕನ್ನಡದಲ್ಲೂ ಮಾತಾಡಬಹುದು. ಸಹಾಯವಾಣಿ ಆದೇಶ ಹೊರಡಿಸುವುದಿಲ್ಲ. ದೂರನ್ನು ಕಂಪನಿಯ ಮುಂದಿಟ್ಟು ರಾಜಿಗೆ ಯತ್ನಿಸುತ್ತದೆ. ನಿಮ್ಮ ಒಂದು ಪುಟದ ಪತ್ರ ಸಿದ್ಧವಿದ್ದರೆ ಅಲ್ಲಿ ಹೇಳಬೇಕಾದ್ದು ಹೆಚ್ಚೇನೂ ಇರುವುದಿಲ್ಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಕಾಯ್ದೆಯಿಂದ ಬಂದ ದೊಡ್ಡ ಅನುಕೂಲ ಇಲ್ಲಿದೆ: ಕಂಪನಿಯ ಕಚೇರಿ ಎಲ್ಲೇ ಇರಲಿ, ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಶಿಕ್ಷಕಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಖರೀದಿಯ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. e-jagriti.gov.in ಮೂಲಕ ಮನೆಯಿಂದಲೇ ಸಲ್ಲಿಸಬಹುದು. ದೂರಿಗೆ ಕಾರಣವಾದ ಘಟನೆಯಿಂದ ಎರಡು ವರ್ಷದೊಳಗೆ ಹೋಗಬೇಕು, ಟಿಕೆಟ್ ತೆರೆಯುತ್ತ ಮುಚ್ಚುತ್ತ ಕಾಲ ಕಳೆಯುವವರಿಗೆ ಈ ಮಾತು ಮುಖ್ಯ. ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುವುದುಂಟು, ಹಾಗಾಗಿ ಕುಂದುಕೊರತೆ ಅಧಿಕಾರಿಯ ಹಂತದಲ್ಲೇ ಮುಗಿದರೆ ಎಲ್ಲರಿಗೂ ಒಳ್ಳೆಯದು. ಮುಗಿಯದಿದ್ದರೆ ಜೂನ್ 19ರ ಆ ಪತ್ರವೇ ದೂರಿನ ಬೆನ್ನೆಲುಬಾಗುತ್ತದೆ. ತಾರೀಖುಗಳು ದೂರಿನ ಪ್ಯಾರಾಗಳಾಗುತ್ತವೆ, ಲಗತ್ತುಗಳು ಅದೇ ಸಂಖ್ಯೆಯಲ್ಲಿ ದಾಖಲೆಗಳಾಗುತ್ತವೆ. ಅವಕಾಶ ಕೊಟ್ಟರೂ ಕಂಪನಿ ಸರಿಪಡಿಸಲಿಲ್ಲ ಎಂಬುದು ಸೇವೆಯ ಕೊರತೆಯ ವಾದಕ್ಕೆ ಬಲ ಕೊಡುತ್ತದೆ.

ಹಣ ವಾಪಸು ಕೊಡಲು ಅಧಿಕಾರಿ ಒಪ್ಪಿದರೂ ಕೊನೆಯ ಹೆಜ್ಜೆಯಲ್ಲಿ ಎಡವದಿರಿ. ಎರಡನೆಯ ಸಲ ಬರುವ ಪಿಕಪ್ ಹುಡುಗನಿಗೆ ಮಿಕ್ಸಿ ಕೊಡುವ ಮುನ್ನ ಅದನ್ನೂ ಅಡಿಯ ಚೀಟಿಯನ್ನೂ ಮತ್ತೊಮ್ಮೆ ಚಿತ್ರ ತೆಗೆಯಿರಿ. ಅವನ ಫೋನಿನಲ್ಲಿ ಪಿಕಪ್ ಪೂರ್ಣವಾಗಿದೆ ಎಂದು ದಾಖಲಾಗಿ, ನಿಮಗೆ ಮೆಸೇಜು ಬಂದ ಮೇಲೆಯೇ ಪೆಟ್ಟಿಗೆ ಕೈಬಿಡಿ. ಹಣ ನಿಜವಾಗಿ ಬ್ಯಾಂಕ್ ಖಾತೆಗೆ ಬಂದಿದೆಯೋ ಆ್ಯಪ್‌ನ ವ್ಯಾಲೆಟ್‌ಗೆ ಬಂದಿದೆಯೋ ನೋಡಿ, ವ್ಯಾಲೆಟ್‌ಗಾದರೆ ಪಾವತಿಸಿದ ಖಾತೆಗೇ ಬೇಕೆಂದು ಅಧಿಕಾರಿಗೆ ಅದೇ ದಿನ ಬರೆಯಿರಿ. ಪೂರ್ತಿ 3,499 ಖಾತೆಯಲ್ಲಿ ಕಂಡ ಮೇಲೆ ಮಾತ್ರ, ಇಂಥ ದಿನ ಇಷ್ಟು ಹಣ ಬಂತು, ಇಂಥ ದಿನ ಮಿಕ್ಸಿ ಹಿಂದಿರುಗಿಸಿದೆ, ಈ ದೂರು ಮುಗಿದಿದೆ ಎಂದು ಅಧಿಕಾರಿಗೆ ತಿಳಿಸಿ.